ಟೀಚರ್ ಆದ ಮೊದಲ ದಿನದ ಫೋಟೊಗೆ ಕ್ಯಾಪ್ಷನ್ ಬರೆಯುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಶಾಲೆ ಶುರುವಾಗುವ ಹೊತ್ತಿಗೆ, ಅಂದರೆ ಮೇ ಕೊನೆಯಿಂದ ಜೂನ್ ಮುಗಿಯುವ ತನಕ, ದಾವಣಗೆರೆ ಚಿತ್ರದುರ್ಗದ ಕಡೆಯ ನಮ್ಮ ಬಿ.ಎಡ್, ಡಿ.ಎಡ್ ಹುಡುಗ ಹುಡುಗಿಯರ ಸ್ಟೇಟಸ್ ನೋಡಿ. ಹತ್ತರಲ್ಲಿ ಎಂಟು ಒಂದೇ ಥರ ಇರುತ್ತವೆ. "ಹೊಸ ಪಯಣ ಆರಂಭ. ಸ್ವಲ್ಪ ಭಯ, ತುಂಬಾ ಭರವಸೆ. ನಿಮ್ಮೆಲ್ಲರ ಆಶೀರ್ವಾದವಿರಲಿ." ಕೆಳಗೆ ಕೈ ಮುಗಿದ ಎಮೋಜಿ ನಾಲ್ಕು. ಬರೆದವರಿಗೆ ಎದೆ ಡವಡವ ಅಂದಿದ್ದು ನಿಜ, ಕೈ ಬೆವರಿದ್ದೂ ನಿಜ. ಅದ್ಯಾವುದೂ ಓದುವವರಿಗೆ ತಲುಪುವುದಿಲ್ಲ ಅಷ್ಟೇ. "ಅಕ್ಕ, ಇದನ್ನು ಸ್ವಲ್ಪ ಚೆನ್ನಾಗಿ ಮಾಡಿಕೊಡಿ" ಅಂತ ನನಗೆ ಬರುವ ಮೆಸೇಜುಗಳಲ್ಲೂ ಎಡವುವ ಜಾಗ ಅದೇ. ಅದಕ್ಕೇ ಯಾವುದಾದ ಮೇಲೆ ಯಾವುದು ಅಂತ ಕ್ರಮವಾಗಿ ಬರೆದಿದ್ದೇನೆ. ಕ್ರಮ ತಪ್ಪಿಸಬೇಡಿ. ಜಾಸ್ತಿ ಜನ ಮೊದಲು ಸಾಲು ಹುಡುಕುತ್ತಾರೆ, ಆಮೇಲೆ ಅದಕ್ಕೊಂದು ಫೋಟೊ ಹಚ್ಚುತ್ತಾರೆ. ಕೆಡುವುದು ಅಲ್ಲಿಂದಲೇ.

ಉದಾಹರಣೆಗೆ ಒಬ್ಬಳದೇ ಕ್ಯಾಪ್ಷನ್ ಇಟ್ಟುಕೊಂಡು ಹೋಗುತ್ತೇನೆ. ದಾವಣಗೆರೆಯ ಹುಡುಗಿ. ಜಗಳೂರು ತಾಲ್ಲೂಕಿನ ಒಂದು ಹಳ್ಳಿಯ ಹಿರಿಯ ಪ್ರಾಥಮಿಕ ಶಾಲೆಗೆ ಅತಿಥಿ ಶಿಕ್ಷಕಿಯಾಗಿ ಸೇರಿದಳು. ಐದನೇ ಕ್ಲಾಸು. ಅವಳೂ ಮೊದಲು ಕಳಿಸಿದ್ದು ಆ "ಹೊಸ ಪಯಣ"ವನ್ನೇ.

ಶುರು ಮಾಡುವ ಮುಂಚೆ ಏನೇನು ಬೇಕು

ಒಂದು ಪೆನ್ನು, ಡೈರಿಯ ಹಿಂದಿನ ಪುಟ, ಫೋನು, ಫೋನಿನಲ್ಲಿ ಕನ್ನಡ ಕೀಬೋರ್ಡ್. ಇಷ್ಟೇ ಸಾಕು.

ಕೀಬೋರ್ಡ್ ಬಗ್ಗೆ ಒಂದು ಮಾತು. ಕೆಲವರು ಮನೆಯ ಕಂಪ್ಯೂಟರಿನಲ್ಲಿ ನುಡಿಯ ಹಳೇ ಅಕ್ಷರದಲ್ಲಿ ಟೈಪ್ ಮಾಡಿ, ಅದನ್ನೇ ಕಾಪಿ ಮಾಡಿ ಫೋನಿಗೆ ಹಾಕುತ್ತಾರೆ. ಅಲ್ಲಿ ಅದು ಇಂಗ್ಲಿಷ್ ಅಕ್ಷರ, ಚುಕ್ಕೆ, ಗೀಟುಗಳ ಗೋಜಲಾಗಿ ಕಾಣುತ್ತದೆ. ಹಾಗೆ ಕಂಡರೆ ಫೋನ್ ಕೆಟ್ಟಿದೆ ಅಂತ ಗಾಬರಿಯಾಗಬೇಡಿ, ಬರಹ ಯೂನಿಕೋಡ್‌ನಲ್ಲಿ ಇಲ್ಲ ಅಂತ ಅರ್ಥ. ಇರುವುದು ನಾಲ್ಕೇ ಸಾಲು. ಪರಿವರ್ತನೆ ಮಾಡುತ್ತಾ ಕೂರುವ ಬದಲು ಫೋನಿನಲ್ಲೇ ಇನ್ನೊಮ್ಮೆ ಟೈಪ್ ಮಾಡಿ.

ಹಂತ 1: ಅವತ್ತು ಸಂಜೆಯೇ ಮೂರು ವಿಷಯ ಬರೆದಿಡಿ

ಕ್ಯಾಪ್ಷನ್ ಬೇಡ, ಬರೀ ಟಿಪ್ಪಣಿ. ಬಸ್ಸಿಗೆ ಕಾಯುವಾಗಲೋ ಬಸ್ಸಿನಲ್ಲಿ ಸೀಟು ಸಿಕ್ಕ ಮೇಲೋ ಬರೆದರೆ ಸಾಕು. ಕ್ಲಾಸಿನೊಳಗೆ ಮಾತ್ರ ಫೋನ್ ತೆಗೆಯಬೇಡಿ. ಮೊದಲ ದಿನವೇ ಹೊಸ ಮಿಸ್ಸು ಫೋನ್ ಹಿಡಿದು ನಿಂತಿದ್ದನ್ನು ಮಕ್ಕಳು ಮನೆಗೆ ಹೋಗಿ ಹೇಳಿಯೇ ಹೇಳುತ್ತಾರೆ.

ಬರೆದಿಡಬೇಕಾದ ಮೂರು ವಿಷಯ ಇವು. ಇವತ್ತು ನನ್ನ ಕೈಕಾಲು ಏನು ಎಡವಟ್ಟು ಮಾಡಿದವು? ಯಾವ ಮಗು ಏನು ಅಂತು, ಅದರದೇ ಮಾತಿನಲ್ಲಿ? ನಾನು ಕ್ಲಾಸಿನಿಂದ ಹೊರಗೆ ಬಂದಾಗ ಅಲ್ಲಿ ಏನು ಉಳಿದಿತ್ತು?

ಮೊದಲನೆಯದರಲ್ಲಿ "ಏನು ಅನ್ನಿಸಿತು" ಅಂತ ಕೇಳಿಲ್ಲ, ಗಮನಿಸಿ. ಅನ್ನಿಸಿದ್ದನ್ನು ಬರೆಯಲು ಕೂತರೆ ಎಲ್ಲರಿಗೂ ಅದೇ ಭಯ, ಅದೇ ಖುಷಿ ಬರುತ್ತದೆ. ಕೈಕಾಲು ಮಾಡಿದ್ದು ಒಬ್ಬೊಬ್ಬರದು ಒಂದೊಂದು ಥರ. ಒಬ್ಬರು ಹಾಜರಿ ಕೂಗುವಾಗ ಉಸಿರೇ ಬಿಡದೆ ಎಲ್ಲ ಹೆಸರು ಓದಿ ಮುಗಿಸಿರುತ್ತಾರೆ. ಮಕ್ಕಳು "ಎಸ್ ಮಿಸ್" ಅನ್ನುವುದಕ್ಕೂ ಬಿಟ್ಟಿರುವುದಿಲ್ಲ. ಇನ್ನೊಬ್ಬರು ಚಾಕ್‌ಪೀಸನ್ನು ಎಷ್ಟು ಗಟ್ಟಿಯಾಗಿ ಒತ್ತಿರುತ್ತಾರೆ ಅಂದರೆ ಮೊದಲ ಅಕ್ಷರಕ್ಕೇ ಅದು ಎರಡು ತುಂಡು.

ನಮ್ಮ ಜಗಳೂರಿನ ಹುಡುಗಿ ಬರೆದಿಟ್ಟಿದ್ದು ಹೀಗಿತ್ತು: "ಬೋರ್ಡಿನ ಮೇಲೆ ಬರೆದ ಸಾಲು ಸೊಟ್ಟ ಆಯ್ತು. ಒಂದು ಹುಡುಗಿ ಸ್ಕೇಲ್ ತಗೊಂಡು ಬಂದು, ಗೆರೆ ಹೊಡ್ಕೊಡ್ಲಾ ಮಿಸ್ ಅಂದ್ಲು. ಬರುವಾಗ ಬೋರ್ಡಿನಲ್ಲಿ ಅವಳು ಎಳೆದ ಗೆರೆಗಳು ಹಾಗೇ ಇದ್ವು." ಇಷ್ಟೆಲ್ಲ ಕೈಯಲ್ಲಿ ಇಟ್ಟುಕೊಂಡು ಅವಳು "ಹೊಸ ಪಯಣ" ಅಂತ ಕಳಿಸಿದ್ದಳು!

ಎಷ್ಟು ನೆನಪಿಸಿಕೊಂಡರೂ ಏನೂ ಹೊಳೆಯದಿದ್ದರೆ ಹಾಜರಿ ಕೂಗಿದ ಹತ್ತು ನಿಮಿಷಕ್ಕೆ ವಾಪಸ್ ಹೋಗಿ. ಯಾವ ಹೆಸರು ತಪ್ಪು ಓದಿದಿರಿ, ಯಾರು ತಿದ್ದಿದರು, ಒಂದೇ ಹೆಸರಿನವರು ಇಬ್ಬರಿದ್ದಾಗ ಏನು ಮಾಡಿದಿರಿ. ಸಾಮಾನ್ಯವಾಗಿ ಅಲ್ಲೇ ಏನೋ ಒಂದು ಸಿಕ್ಕಿಬಿಡುತ್ತದೆ.

ಹಂತ 2: ಫೋಟೊ ಆರಿಸಿ, ಆಮೇಲೆ ಅದನ್ನು ದೊಡ್ಡದು ಮಾಡಿ ನೋಡಿ

ಟಿಪ್ಪಣಿಗೆ ಹೊಂದುವ ಫೋಟೊ ತೆಗೆದುಕೊಳ್ಳಿ. ಮಕ್ಕಳ ನಡುವೆ ನಿಂತ ಸೆಲ್ಫಿ ಎಲ್ಲರಿಗೂ ಇಷ್ಟ, ಆದರೆ ನನ್ನ ಸಲಹೆ ಕೇಳುವುದಾದರೆ ಅದು ಬೇಡ. ಹಳ್ಳಿ ಶಾಲೆಯ ಮಕ್ಕಳ ಮುಖವನ್ನು ಅಪ್ಪ ಅಮ್ಮನನ್ನು ಕೇಳದೆ ಎಲ್ಲರಿಗೂ ಕಾಣುವ ಕಡೆ ಹಾಕುವುದು ಸರಿಯಲ್ಲ. ಸೇರಿದ ಮೊದಲ ದಿನ ಅಷ್ಟೂ ಮನೆಯವರನ್ನು ಕೇಳಿ ಬರುವುದಕ್ಕೂ ಆಗುವುದಿಲ್ಲ. ಮುಖದ ಮೇಲೆ ಎಮೋಜಿ ಅಂಟಿಸಿದರೆ ಆಯ್ತಲ್ವಾ ಅನ್ನುತ್ತಾರೆ. ಸುಮ್ನೆ ಮಕ್ಕಳಿಲ್ಲದ ಫೋಟೊ ತೆಗೆದರೆ ಆ ತಾಪತ್ರಯವೇ ಇಲ್ಲ.

ಬೋರ್ಡು, ಮೇಜಿನ ಮೇಲಿನ ಚಾಕ್‌ಪೀಸ್ ಡಬ್ಬಿ, ಖಾಲಿ ಬೆಂಚು, ಧೂಳಾದ ನಿಮ್ಮ ಕೈ, ಯಾವುದಾದರೂ ಆದೀತು. ಆದರೆ ಹಾಕುವ ಮುಂಚೆ ಬೆರಳಲ್ಲಿ ಹಿಗ್ಗಿಸಿ ಮೂಲೆ ಮೂಲೆ ನೋಡಿ. ನಮ್ಮ ಶಾಲೆಗಳ ಬೋರ್ಡಿನ ಮೇಲುಗಡೆ ಶಾಲೆಯ ಹೆಸರು ಇರುವುದುಂಟು. ಒಂದು ಮೂಲೆಯಲ್ಲಿ ದಿನಾಂಕ, ದಾಖಲಾತಿ, ಹಾಜರಾತಿ, ಗಂಡು ಎಷ್ಟು ಹೆಣ್ಣು ಎಷ್ಟು ಅಂತ ಬರೆದಿರುತ್ತಾರೆ. ಗೋಡೆಯ ಮೇಲೆ ಊರು, ತಾಲ್ಲೂಕು, ಶಾಲೆಯ ಡೈಸ್ ಕೋಡ್ ಎಲ್ಲ ಪೇಂಟಿನಲ್ಲಿ ಇರುತ್ತದೆ. ಮೇಜಿನ ಮೇಲೆ ಹಾಜರಿ ಪುಸ್ತಕ ತೆರೆದಿದ್ದರೆ ಮಕ್ಕಳ ಹೆಸರು ಸಾಲಾಗಿ ಓದುವ ಹಾಗೆ ಬಂದಿರುತ್ತದೆ. ಇವೆಲ್ಲ ಕಾಣದ ಹಾಗೆ ಕತ್ತರಿಸಿ. ದಿನಾ ಯಾವ ಊರಿಗೆ, ಯಾವ ಶಾಲೆಗೆ ಹೋಗಿ ಬರುತ್ತೀರಿ ಅನ್ನುವುದು ಗೊತ್ತಿಲ್ಲದವರಿಗೆಲ್ಲ ಯಾಕೆ ತಿಳಿಯಬೇಕು? ಒಂಟಿಯಾಗಿ ಓಡಾಡುವ ಹೆಣ್ಣುಮಕ್ಕಳಂತೂ ಇದನ್ನು ಮರೆಯಲೇಬಾರದು.

ನಮ್ಮ ಹುಡುಗಿಯ ಫೋಟೊದಲ್ಲಿ ಉಳಿದಿದ್ದು ಬೋರ್ಡಿನ ಮಧ್ಯದ ಭಾಗ ಮಾತ್ರ. ಸೊಟ್ಟ ಸಾಲು ಒಂದು, ಅದರ ಕೆಳಗೆ ನೆಟ್ಟಗಿನ ನಾಲ್ಕು ಗೆರೆ. ಅಷ್ಟೇ ಬೇಕಾಗಿತ್ತು.

ಹಂತ 3: ಅಳುಕನ್ನು ಹೆಸರಿಸಬೇಡಿ, ತೋರಿಸಿ

ಕ್ಯಾಪ್ಷನ್ನಿನ ಅರ್ಧ ಕೆಲಸ ಇರುವುದು ಇಲ್ಲೇ, ಆದ್ದರಿಂದ ಸ್ವಲ್ಪ ನಿಧಾನಕ್ಕೆ ಹೋಗೋಣ.

ಬೋರ್ಡಿನ ಮೇಲೆ ಬರೆದ ಸಾಲು ಯಾಕೆ ಇಳಿಯುತ್ತದೆ ಗೊತ್ತಾ? ನೋಟ್‌ಬುಕ್ಕಿನಲ್ಲಿ ಬರೆಯುವಾಗ ಕೈ ಮಾತ್ರ ಸರಿದರೆ ಸಾಕು. ಬೋರ್ಡಿಗೆ ಹಾಗಲ್ಲ, ಬರೆಯುತ್ತಾ ಬಲಕ್ಕೆ ಹೆಜ್ಜೆ ಇಡಬೇಕು. ಹೊಸಬರು ನಿಂತ ಜಾಗ ಬಿಡುವುದಿಲ್ಲ. ಕಾಲು ನೆಲಕ್ಕೆ ಅಂಟಿಕೊಂಡಿರುತ್ತದೆ, ಕೈ ಚಾಚಿ ಚಾಚಿ ಬರೆಯುತ್ತಾ ಹೋದ ಹಾಗೆ ಭುಜದಿಂದ ದೂರವಾಗಿ ತಾನೇ ಕೆಳಗೆ ಬಾಗುತ್ತದೆ. ಅಕ್ಷರವೂ ಸಣ್ಣದಾಗುತ್ತಾ ಬರುತ್ತದೆ. ಹಳೇ ಮೇಷ್ಟ್ರುಗಳು ಬೋರ್ಡ್ ನೋಡಿಯೇ "ಇದ್ಯಾರೋ ಹೊಸಬರು" ಅನ್ನುವುದು ಇದಕ್ಕೇ.

ಅಂದರೆ ಆ ಸೊಟ್ಟ ಸಾಲಿನಲ್ಲೇ ಅವಳ ಅಳುಕು ಪೂರ್ತಿ ಇದೆ. ಅದನ್ನು ಇದ್ದ ಹಾಗೆ ಬರೆದರೆ ಸಾಕು, ಪಕ್ಕದಲ್ಲಿ "ಭಯ" ಅಂತ ಚೀಟಿ ಅಂಟಿಸಬೇಕಾಗಿಲ್ಲ. ಅವಳ ಎರಡನೇ ಪ್ರಯತ್ನ ಹೀಗಿತ್ತು:

"ತುಂಬಾ ಭಯವಾಗಿತ್ತು. ಕೈ ನಡುಗುತ್ತಿತ್ತು. ಬೋರ್ಡಿನ ಮೇಲೆ ಬರೆದದ್ದು ಸೊಟ್ಟ ಆಯಿತು."

ಮೊದಲ ಎರಡು ವಾಕ್ಯ ಹೊಡೆದುಹಾಕಿ, ಮೂರನೆಯದನ್ನು ಸರಿಯಾಗಿ ಬರಿ ಅಂದೆ. ಎಷ್ಟು ಸೊಟ್ಟ, ಎಲ್ಲಿಂದ ಎಲ್ಲಿಗೆ? ಆಗ ಬಂದಿದ್ದು ಇದು:

"ಟೀಚರಾಗಿ ಬೋರ್ಡಿನ ಮೇಲೆ ಬರೆದ ಮೊದಲ ಸಾಲು ಬಲಕ್ಕೆ ಹೋಗುವಷ್ಟರಲ್ಲಿ ಒಂದು ಗೇಣು ಕೆಳಗಿಳಿದಿತ್ತು."

ಆ "ಒಂದು ಗೇಣು" ಬಂದ ಕೂಡಲೇ ಬೋರ್ಡು ಕಣ್ಣ ಮುಂದೆ ಬಂತು. "ಟೀಚರಾಗಿ", "ಮೊದಲ ಸಾಲು" ಅನ್ನುವುದರಲ್ಲೇ ಇದು ಮೊದಲ ದಿನ ಅಂತಲೂ ತಿಳಿಯಿತು, ಬೇರೆ ಹೇಳುವ ಕೆಲಸ ಉಳಿಯಲಿಲ್ಲ.

ಈ ಹಂತದಲ್ಲಿ ಒಂದು ಪರೀಕ್ಷೆ ಮಾಡಿ. ನಿಮ್ಮ ಸಾಲಿನಲ್ಲಿ ಟೀಚರ್ ತೆಗೆದು "ಬ್ಯಾಂಕ್ ಕೆಲಸ" ಅಂತ ಹಾಕಿ ಓದಿ. ಆಗಲೂ ಸರಿ ಕೇಳಿಸಿದರೆ ಸಾಲು ಕೆಲಸಕ್ಕೆ ಬಾರದು. "ಹೊಸ ಪಯಣ ಆರಂಭ" ಬ್ಯಾಂಕಿಗೂ ಆಗುತ್ತದೆ, ಮದುವೆಗೂ ಆಗುತ್ತದೆ, ಟ್ರ್ಯಾಕ್ಟರ್ ತಗೊಂಡವರಿಗೂ ಆಗುತ್ತದೆ.

ಹಂತ 4: ಭರವಸೆಯನ್ನು ಮಗುವಿನ ಕೈಗೆ ಕೊಡಿ

ಇಲ್ಲಿ ಆಗುವ ತಪ್ಪು ಬೇರೆ ಥರದ್ದು. ಅಳುಕನ್ನು ಸಣ್ಣದಾಗಿ ಚೆನ್ನಾಗಿ ಬರೆದವರು ಭರವಸೆಗೆ ಬಂದ ಕೂಡಲೇ ಭಾಷಣಕ್ಕೆ ನಿಲ್ಲುತ್ತಾರೆ. "ಈ ಮಕ್ಕಳ ಭವಿಷ್ಯ ರೂಪಿಸುವೆ", "ದೇಶ ಕಟ್ಟುವ ಕೈಗಳು". ಕೆಲಸಕ್ಕೆ ಸೇರಿ ಒಂದು ದಿನ ಆಗಿದೆ ಅಷ್ಟೇ. ಅತಿಥಿ ಶಿಕ್ಷಕರಾದರೆ ನೇಮಕ ಇರುವುದೇ ಆ ವರ್ಷದ ಮಟ್ಟಿಗೆ. ಓದುವವರಿಗೆ ಇದೆಲ್ಲ ಗೊತ್ತಿರುತ್ತದೆ, ಹಾಗಾಗಿ ದೊಡ್ಡ ಮಾತು ನಂಬಿಕೆ ಹುಟ್ಟಿಸುವುದಿಲ್ಲ.

ಭರವಸೆ ನಾಳೆಯ ಮಟ್ಟಿಗೆ ಸಾಕು. ಅದನ್ನು ನೀವು ಹೇಳುವುದಕ್ಕಿಂತ ಒಂದು ಮಗು ಮಾಡಿದ ಕೆಲಸದಲ್ಲಿ ಕಂಡರೆ ವಾಸಿ. ಬೋರ್ಡಿನ ಮೇಲೆ ಗೆರೆ ಎಳೆಯುವುದು ಮಕ್ಕಳಿಗೆ ದೊಡ್ಡ ಮರ್ಯಾದೆಯ ಕೆಲಸ ಅನ್ನುವುದು ಕ್ಲಾಸಿನಲ್ಲಿ ನಿಂತವರಿಗೆಲ್ಲ ಗೊತ್ತು. ಸುಮ್ಮಸುಮ್ಮನೆ ಯಾರಿಗೂ ಮಾಡಿಕೊಡುವುದಿಲ್ಲ. ಆ ಹುಡುಗಿ ಸ್ಕೇಲ್ ಹಿಡಿದು ಎದ್ದು ಬಂದಳು ಅಂದರೆ ಹೊಸ ಮಿಸ್ಸನ್ನು ಒಪ್ಪಿಕೊಂಡಳು ಅಂತಲೇ ಲೆಕ್ಕ. ಇದನ್ನೂ ಕ್ಯಾಪ್ಷನ್ನಿನಲ್ಲಿ ವಿವರಿಸಬೇಡಿ. ಅವಳು ಬಂದಿದ್ದು, ಕೇಳಿದ್ದು, ಎಳೆದಿದ್ದು, ಇಷ್ಟೇ ಬರೆಯಿರಿ.

ಇನ್ನೊಂದು ಎಚ್ಚರಿಕೆ. ಅಳುಕಿಗೂ ಭರವಸೆಗೂ ನಡುವೆ "ಆದರೆ" ಹಾಕಬೇಡಿ. "ಭಯವಿತ್ತು, ಆದರೆ ಮಕ್ಕಳ ನಗು ನೋಡಿ ಎಲ್ಲಾ ಮಾಯ" ಅಂದರೆ ಅಳುಕು ಸುಳ್ಳಾಗುತ್ತದೆ. ಮಾಯವಾಗಿರುವುದಿಲ್ಲ, ಮಾರನೇ ದಿನ ಬಸ್ಸು ಹತ್ತುವಾಗ ಮತ್ತೆ ಹೊಟ್ಟೆಯಲ್ಲಿ ಕೂತಿರುತ್ತದೆ. ಎರಡೂ ಅಕ್ಕಪಕ್ಕ ಇರಲಿ ಬಿಡಿ.

ಹಂತ 5: ಮಗುವಿನ ಮಾತನ್ನು ತಿದ್ದಬೇಡಿ, ಗೇಲಿಯೂ ಮಾಡಬೇಡಿ

ನಮ್ಮ ಕಡೆಯ ಮಕ್ಕಳು "ಸೊಟ್ಟ ಐತೆ ಮಿಸ್" ಅನ್ನುತ್ತಾರೆ. ಅದನ್ನು "ಸೊಟ್ಟಗಿದೆ ಮಿಸ್" ಅಂತ ಮಾಡಿದರೆ ಮಗು ಬೇರೆ ಊರಿನದಾಗಿಬಿಡುತ್ತದೆ. ಜಗಳೂರು, ಚಳ್ಳಕೆರೆ ಕಡೆ ಕೇಳಿದ "ಐತೆ"ಯನ್ನು ಹರಿಹರದ ಕಡೆಯ "ಐತಿ" ಮಾಡುವುದೂ ಬೇಡ. ಕಿವಿಗೆ ಬಿದ್ದಿದ್ದೇ ಇರಲಿ.

ಆದರೆ ಆ ಮಾತನ್ನು ನಗುವುದಕ್ಕೆ ಬಳಸಬೇಡಿ. ಕಣ್ಣೀರು ಬರುವ ಹಾಗೆ ನಗುವ ಎಮೋಜಿ ಪಕ್ಕದಲ್ಲಿ ಬಂತೋ, ಅದು ಗೇಲಿಯಾಯಿತು. ಹಳ್ಳಿಯ ಅಪ್ಪ ಅಮ್ಮಂದಿರೂ ಸ್ಟೇಟಸ್ ನೋಡುತ್ತಾರೆ. ತಮ್ಮ ಮಗಳ ಮಾತೇ ಇದು ಅಂತ ಗುರುತು ಹಿಡಿಯುತ್ತಾರೆ. ಹೆಸರು ಹಾಕಿಲ್ಲವಲ್ಲ ಅಂದರೆ ಕೇಳುವುದಿಲ್ಲ.

ಊರಿನ ಗುರುತು ತರಬೇಕು ಅಂತ ದುರ್ಗದ ಏಳು ಸುತ್ತಿನ ಕೋಟೆಯನ್ನೋ ದಾವಣಗೆರೆ ಬೆಣ್ಣೆ ದೋಸೆಯನ್ನೋ ತಂದು ತುರುಕುವವರಿದ್ದಾರೆ. ಕ್ಲಾಸಿನ ಕಿಟಕಿಯಿಂದ ಕೋಟೆ ನಿಜಕ್ಕೂ ಕಾಣುತ್ತಿದ್ದು, ಅವತ್ತಿನ ಸಂಗತಿಗೆ ಅದು ಸೇರಿದ್ದರೆ ಹಾಕಿ. ಇಲ್ಲದಿದ್ದರೆ ಆ ಒಂದು "ಐತೆ" ಸಾಕು, ಊರು ಅದರಲ್ಲೇ ಗೊತ್ತಾಗುತ್ತದೆ.

ಹಂತ 6: ಮೊದಲ ಸಾಲನ್ನು ಎಲ್ಲಿಡಬೇಕು

ಇನ್‌ಸ್ಟಾಗ್ರಾಮ್‌ನಲ್ಲಿ ಕ್ಯಾಪ್ಷನ್ 2,200 ಅಕ್ಷರದವರೆಗೂ ಹೋಗಬಹುದು. ಆದರೆ ಫೋಟೊ ಕೆಳಗೆ ಕಾಣುವುದು ಶುರುವಿನ ಒಂದೆರಡು ಸಾಲು ಮಾತ್ರ, ಉಳಿದದ್ದು more ಒತ್ತಿದರೆ ಉಂಟು. ಆ ಒಂದೆರಡು ಸಾಲನ್ನು "ಎಲ್ಲರಿಗೂ ನಮಸ್ಕಾರ, ಇಂದು ನನ್ನ ಜೀವನದ ಅತ್ಯಂತ ಮಹತ್ವದ ದಿನ" ಅನ್ನುವುದಕ್ಕೆ ಕಳೆದರೆ ಸೊಟ್ಟ ಸಾಲು, ಸ್ಕೇಲು ಎರಡೂ ಒಳಗೇ ಉಳಿದವು.

ಕನ್ನಡಕ್ಕೆ ಇಲ್ಲಿ ಇನ್ನೊಂದು ತೊಡಕು ಇದೆ. ಕಣ್ಣಿಗೆ ಕಾಣುವ ಅಕ್ಷರ ಬೇರೆ, ಫೋನ್ ಎಣಿಸುವ ಅಕ್ಷರ ಬೇರೆ. "ಶಿಕ್ಷಕಿ" ನಮಗೆ ಮೂರು ಅಕ್ಷರ. ಗುಣಿತ, ಒತ್ತು, ನಡುವಿನ ಹಲಂತ ಎಲ್ಲ ಬೇರೆ ಬೇರೆ ಎಣಿಸಿದರೆ ಏಳು. ಹಾಗಾಗಿ ಇಂಗ್ಲಿಷ್‌ನಲ್ಲಿ ಬರೆಯುವವರಿಗೆ ಹೇಳಿದ ಅಳತೆ ನಮಗೆ ಸರಿಹೋಗುವುದಿಲ್ಲ. ಮೊದಲ ವಾಕ್ಯ ಹತ್ತು ಹನ್ನೆರಡು ಪದದೊಳಗೆ ಮುಗಿಯಲಿ, ಮುಖ್ಯ ವಸ್ತು ಅದರಲ್ಲೇ ಬರಲಿ. ಮೇಲಿನ "ಒಂದು ಗೇಣು" ವಾಕ್ಯ ಎಣಿಸಿ ನೋಡಿ, ಹನ್ನೊಂದು ಪದ ಇದೆ.

ಈಗ ಪೂರ್ತಿ ಕ್ಯಾಪ್ಷನ್:

"ಟೀಚರಾಗಿ ಬೋರ್ಡಿನ ಮೇಲೆ ಬರೆದ ಮೊದಲ ಸಾಲು ಬಲಕ್ಕೆ ಹೋಗುವಷ್ಟರಲ್ಲಿ ಒಂದು ಗೇಣು ಕೆಳಗಿಳಿದಿತ್ತು.
ಐದನೇ ಕ್ಲಾಸು. ಯಾರೂ ನಗಲಿಲ್ಲ.
'ಸೊಟ್ಟ ಐತೆ ಮಿಸ್, ಗೆರೆ ಹೊಡ್ಕೊಡ್ಲಾ?' ಅಂತ ಒಬ್ಬಳು ಮರದ ಸ್ಕೇಲ್ ಹಿಡಿದು ಎದ್ದು ಬಂದಳು.
ನಾಳೆಯ ಪಾಠಕ್ಕೂ ಸೇರಿಸಿ ನಾಲ್ಕು ಗೆರೆ ಎಳೆದಿಟ್ಟಿದ್ದಾಳೆ."

"ಯಾರೂ ನಗಲಿಲ್ಲ" ಅನ್ನುವುದು ಅವಳೇ ಆಮೇಲೆ ಸೇರಿಸಿದ್ದು. ನಗುತ್ತಾರೆ ಅಂತ ಎಷ್ಟು ಹೆದರಿದ್ದಳು ಅನ್ನುವುದು ಆ ಎರಡು ಪದದಲ್ಲಿ ಬಂತು, ನನಗಂತೂ ಅದೇ ಇಡೀ ಕ್ಯಾಪ್ಷನ್ನಿನ ಒಳ್ಳೇ ಸಾಲು. ಕೊನೆಯಲ್ಲಿ "ಧನ್ಯವಾದ ಪುಟ್ಟಿ" ಅಂತಲೂ ಇತ್ತು, ತೆಗೆಸಿದೆ. ನಾಳೆಯ ಗೆರೆಗಳ ಮೇಲೆ ಮುಗಿದರೆ ಸಾಕು.

ವಾಟ್ಸ್‌ಆ್ಯಪ್ ಸ್ಟೇಟಸ್ಸಿಗೆ ಇಷ್ಟು ಉದ್ದ ಬೇಡ. ಫೋಟೊ ಕೆಲವು ಸೆಕೆಂಡಿಗೆ ಸರಿದುಹೋಗುತ್ತದೆ. ಅಲ್ಲಿಗೆ ಇದು ಆಗುತ್ತದೆ: "ಟೀಚರಾಗಿ ಬರೆದ ಮೊದಲ ಸಾಲೇ ಸೊಟ್ಟ. ಗೆರೆ ಎಳೆದುಕೊಟ್ಟಿದ್ದು ಐದನೇ ಕ್ಲಾಸಿನ ಹುಡುಗಿ."

ಹಂತ 7: ಕಾಗುಣಿತ ನೋಡದೆ ಹಾಕಬೇಡಿ

ಬೇರೆಯವರ ಕ್ಯಾಪ್ಷನ್ನಿನಲ್ಲಿ ತಪ್ಪಿದ್ದರೆ ಜನ ಬಿಟ್ಟುಬಿಡುತ್ತಾರೆ. ಟೀಚರ್ ತಪ್ಪು ಬರೆದರೆ ಸ್ಕ್ರೀನ್‌ಶಾಟ್ ಹೊಡೆಯುತ್ತಾರೆ. ಪದೇ ಪದೇ ಬರುವ ತಪ್ಪುಗಳು ಕೆಲವೇ. "ವಿದ್ಯಾರ್ಥಿ" ಹೋಗಿ "ವಿಧ್ಯಾರ್ಥಿ" ಆಗುತ್ತದೆ. "ಆಶೀರ್ವಾದ" ಹೋಗಿ "ಆರ್ಶೀವಾದ" ಆಗುತ್ತದೆ, ಅರ್ಕಾವತ್ತು ಒಂದು ಅಕ್ಷರ ಮುಂಚೆಯೇ ಬಿದ್ದು. "ಧನ್ಯವಾದ"ದ ಹೊಟ್ಟೆ ಸೀಳುವುದನ್ನು ಮರೆತು "ದನ್ಯವಾದ" ಅನ್ನುತ್ತಾರೆ. ಬಾಯಲ್ಲಿ ಹೇಳಿ ಟೈಪ್ ಮಾಡಿಸುವವರು ಇನ್ನೂ ಹುಷಾರಾಗಿರಬೇಕು. ಫೋನು ತನಗೆ ಗೊತ್ತಿರುವ ಪದವನ್ನೇ ಹಾಕಿರುತ್ತದೆ, "ಹೊಡ್ಕೊಡ್ಲಾ" ಅಂದಿದ್ದು ಏನೇನೋ ಆಗಿರುತ್ತದೆ. ಒಮ್ಮೆ ಗಟ್ಟಿಯಾಗಿ ಓದಿ.

ಹ್ಯಾಶ್‌ಟ್ಯಾಗ್ ಎರಡು ಮೂರು ಸಾಕು, ಅದೂ ಕೆಳಗೆ. ಶಾಲೆಯ ಹೆಸರಿನ ಹ್ಯಾಶ್‌ಟ್ಯಾಗ್, ಲೊಕೇಶನ್ ಎರಡೂ ಬೇಡ. ಫೋಟೊದಲ್ಲಿ ಕತ್ತರಿಸಿ ತೆಗೆದದ್ದನ್ನು ಇಲ್ಲಿ ನೀವೇ ಬರೆದುಕೊಟ್ಟ ಹಾಗಾಗುತ್ತದೆ.

ಹಂತ 8: ಯಾರು ನೋಡುತ್ತಾರೆ ಅಂತ ಯೋಚಿಸಿ, ಆಮೇಲೆ ಒತ್ತಿ

ಹಾಕುವ ಮುಂಚೆ ಹೆಡ್ ಮೇಷ್ಟ್ರಿಗೆ ಒಂದು ಮಾತು ಹೇಳಿ. "ಸಾರ್, ಬೋರ್ಡಿನ ಫೋಟೊ ಒಂದು ಹಾಕ್ತಿದ್ದೀನಿ, ಮಕ್ಕಳು ಇಲ್ಲ, ಶಾಲೆ ಹೆಸರು ಇಲ್ಲ" ಅಂದರೆ ಸಾಮಾನ್ಯವಾಗಿ ಬೇಡ ಅನ್ನುವುದಿಲ್ಲ. ಬೇಡ ಅಂದರೆ ಬಿಡಿ, ಮೊದಲ ದಿನವೇ ಅದಕ್ಕೆ ವಾದ ಮಾಡುವಂಥದ್ದೇನಿಲ್ಲ.

ಸೋರುವ ಮಾಡು, ಮುರಿದ ಬೆಂಚು, ಬಾರದ ಪುಸ್ತಕ, ಇವು ಈ ಕ್ಯಾಪ್ಷನ್ನಿಗೆ ಬೇಡ. ಹೇಳಬೇಕಾದ ವಿಷಯವೇ, ಆದರೆ ಹೇಳುವ ಜಾಗ ಇದಲ್ಲ. ಕಾಯಂ ನೇಮಕವಾದವರಿಗೆ ಸರ್ಕಾರಿ ನೌಕರರ ನಡತೆ ನಿಯಮಗಳೂ ಇವೆ, ಪ್ರೊಬೇಷನರಿ ಅವಧಿಯಲ್ಲಿ ಒಂದು ಸಾಲಿಗಾಗಿ ವಿವರಣೆ ಬರೆದುಕೊಡುವ ಪ್ರಸಂಗ ತಂದುಕೊಳ್ಳಬೇಡಿ. ಖಾಸಗಿ ಶಾಲೆಯವರು ಸೇರುವಾಗ ಸಹಿ ಹಾಕಿದ ಕಾಗದದಲ್ಲಿ ಫೋಟೊ ಬಗ್ಗೆ ಏನಿದೆ ಅಂತ ಒಮ್ಮೆ ತೆಗೆದು ಓದಿ.

ಸಾಧ್ಯವಾದರೆ ಒಂದು ರಾತ್ರಿ ಬಿಟ್ಟು ಬೆಳಿಗ್ಗೆ ಹಾಕಿ. ಮೊದಲ ದಿನದ ಕ್ಯಾಪ್ಷನ್ ಮೊದಲ ದಿನವೇ ಬರಬೇಕು ಅಂತೇನೂ ಇಲ್ಲ, ಸಂಜೆ ಸುಸ್ತಾಗಿ ಬರೆದದ್ದರಲ್ಲಿ ಒಂದಾದರೂ ಜಾಸ್ತಿ ವಾಕ್ಯ ಇದ್ದೇ ಇರುತ್ತದೆ, ಅದು ಬೆಳಿಗ್ಗೆ ಕಣ್ಣಿಗೆ ಹೊಡೆಯುತ್ತದೆ. ಇನ್‌ಸ್ಟಾಗ್ರಾಮ್‌ನಲ್ಲಿ ಹಾಕಿದ ಮೇಲೂ ಕ್ಯಾಪ್ಷನ್ ತಿದ್ದಬಹುದು. ಸ್ಟೇಟಸ್ 24 ಗಂಟೆಗೆ ತಾನೇ ಹೋಗುತ್ತದೆ, ತಪ್ಪು ಕಂಡರೆ ಅಳಿಸಿ ಹೊಸದಾಗಿ ಹಾಕುವುದೇ ಸುಲಭ.

ಹಾಕಿದ ಅರ್ಧ ಗಂಟೆಗೆ ಹಳೇ ಕ್ಲಾಸ್‌ಮೇಟುಗಳು "ಯಾವ ಶಾಲೆ? ಯಾವ ಊರು?" ಅಂತ ಕಮೆಂಟ್‌ನಲ್ಲಿ ಕೇಳುತ್ತಾರೆ. ಅಲ್ಲಿ ಉತ್ತರ ಕೊಡಬೇಡಿ, ಬೇಕಾದವರಿಗೆ ಬೇರೆ ಮೆಸೇಜ್ ಮಾಡಿ ಹೇಳಿ.